ಏಳು ಸಾಲಿನ ಅಜ್ಜ

ಬಟ್ಟೆ ಹಿಂಡುತ್ತಿದ್ದ ನನ್ನ ಮುಂದೆ ಮಗಳು ಹಾಳೆ ಹಿಡಿದು ನಿಂತಳು. ಅಜ್ಜನ ಬಗ್ಗೆ ಅವಳು ಬರೆದಿದ್ದ ಒಂದೇ ವಾಕ್ಯ ಏಳು ಸಾಲು ಓಡಿತ್ತು. ಅದನ್ನು ಚಿಕ್ಕ ವಾಕ್ಯಗಳಾಗಿ ಒಡೆದು ಇವತ್ತೇ ಕೊಡದಿದ್ದರೆ ಶಾಲೆಯ ಪತ್ರಿಕೆಗೆ ಹಾಕುವುದಿಲ್ಲ ಎಂದಿದ್ದರು ಟೀಚರ್. ಇವಳು ಪ್ರತಿ ಸಾಲಿನ ತುದಿಗೂ ಪೂರ್ಣವಿರಾಮ ಇಟ್ಟು ತಂದಿದ್ದಳು.

“ಅಯ್ಯೋ ಪುಟ್ಟೀ, ‘ಅಜ್ಜ ಗಡಿಯಾರ ಬಿಚ್ಚಿ’ ಅಂತ ನಿಲ್ಲಿಸಿದ್ರೆ ಓದೋರು ಕಾಯ್ತಾ ಕೂರ್ತಾರೆ. ಅಲ್ಲಿ ಅಲ್ಪವಿರಾಮ ಸಾಕು. ‘ಒರೆಸಿದರು’ ಅಂದ್ಮೇಲೆ ಪೂರ್ಣವಿರಾಮ ಇಡು.”

ಅವಳು ಎಲ್ಲವನ್ನೂ ಅಳಿಸಿ, ಉದ್ದಕ್ಕೂ ಅಲ್ಪವಿರಾಮ ಹಾಕಿದಳು. ನನಗೆ ರೇಗಿತು.

“ಉಪ್ಪು ಉದುರಿಸಿದ ಹಾಗೆ ಉದುರಿಸ್ಬೇಡ್ವೇ! ಅಲ್ಪ, ಅರ್ಧ, ಪೂರ್ಣ, ಒಂದೊಂದಕ್ಕೂ ಒಂದೊಂದು ಜಾಗ ಇದೆ.”

ಪೆನ್ಸಿಲ್ ಕಚ್ಚುತ್ತ ಕೂತವಳು ಕೊನೆಗೆ ಬಾಯಿಬಿಟ್ಟಳು.

“‘ಗಡಿಯಾರ ಓಡಿತು’, ‘ಅಜ್ಜ ನಕ್ಕರು’. ಎರಡೂ ಮುಗಿದ ಮಾತೇ, ಆದ್ರೂ ಅವೆರಡನ್ನ ದೂರ ಮಾಡೋಕೆ ಮನಸ್ಸಿಲ್ಲ. ಮಧ್ಯೆ ಏನಿಡ್ಲಿ ಅಮ್ಮಾ?”