ಹಸಿರಿನೊಳಗೆ ಕಳೆದ ಡಬ್ಬಿ

ಮೆಲ್ಕಾರಿನ ಮುರ್ಶಿದಾ ಪುನರ್ಪುಳಿ, ಅಂದರೆ ಮುರುಗಲ ಹಣ್ಣಿನ ಬೀಜದ ತುಪ್ಪದಿಂದ ಒಣ ಚರ್ಮಕ್ಕೆ ಕ್ರೀಮು ಮಾಡುತ್ತಿದ್ದಳು. ಅದಕ್ಕೆಂದು ಶಾಲೆಯ ಕೆಲಸವನ್ನೂ ಬಿಟ್ಟಿದ್ದಳು. ಫ್ಯಾನ್ಸಿ ಅಂಗಡಿಯ ಮೊಯಿದಿನಬ್ಬ ಅದನ್ನಿಡಲು ಜಾಗ ಕೊಡಲು ಒಪ್ಪಿದ್ದರು. ಆದರೆ ಒಂದು ಕರಾರು.

"ಗಿರಾಕಿ ಹೆಸರು ಹಿಡಿದು ಕೇಳ್ಬೇಕು ಮಗಾ. ಕೇಳದಿದ್ರೆ ಹಬ್ಬ ಕಳೆದ ಮೇಲೆ ವಾಪಸ್ ತಕ್ಕೊಂಡು ಹೋಗು."

ಹೆಸರು ಅವಳ ಬಳಿ ತಯಾರಿತ್ತು: 'ಹರಿತಾಮೃತ'. ಬಣ್ಣ ಹಸಿರು, ಅಂಚಿಗೆ ಚಿನ್ನ. ಗಿಡಮೂಲಿಕೆಯದ್ದು ಅಂದಮೇಲೆ ಹಸಿರಲ್ಲದೆ ಮತ್ತೇನು? ಲೋಗೋ ಮಾಡುವ ಉಜ್ವಲ್ ಮಾತ್ರ ಒಂದು ಸ್ಯಾಂಪಲ್ ಲೇಬಲ್ ಅಂಟಿಸಿ, ಅವಳನ್ನು ಮೊಯಿದಿನಬ್ಬರ ಅಂಗಡಿಯ ಹೊರಗೆ ನಿಲ್ಲಿಸಿ, ಡಬ್ಬಿಯನ್ನು ಒಳಗಿನ ಶೆಲ್ಫಿನಲ್ಲಿಟ್ಟು ಬಂದ.

"ಅಕ್ಕ, ಬಾಗಿಲಿಂದಲೇ ಹುಡುಕಿ ಕೊಡಿ."

ಬೇವಿನ ಸಾಬೂನು, ಲೋಳೆಸರದ ಜೆಲ್, ತುಳಸಿಯ ಫೇಸ್‌ವಾಶ್. ಎಲ್ಲವೂ ಹಸಿರು, ಎಲ್ಲದಕ್ಕೂ ಎಲೆಯ ಚಿತ್ರ. ಹೆತ್ತ ಮಗುವನ್ನೇ ಜಾತ್ರೆಯಲ್ಲಿ ಕಳೆದುಕೊಂಡವಳಂತೆ ಮುರ್ಶಿದಾ ಕಣ್ಣಾಡಿಸಿದಳು. ಸಿಗಲಿಲ್ಲ. ನಾಚಿಕೆಯಾಯಿತು. ಮರುಕ್ಷಣ ಕುತೂಹಲವೂ ಆಯಿತು: ತಾನೇ ಕಾಣದ್ದನ್ನು ಯಾರು ಕಾಣಬೇಕು?

"ಪುನರ್ಪುಳಿ ಅಂತಲೇ ಹೆಸರಿಡುವಾ?"

"ಅದು ಒಳಗಿರುವ ಸಾಮಾನಿನ ಹೆಸರಲ್ವಾ ಅಕ್ಕ. ನಾಳೆ ಯಾರು ಬೇಕಾದ್ರೂ ಇಡಬಹುದು. ಟ್ರೇಡ್‌ಮಾರ್ಕ್ ಸಿಕ್ಕುವುದು ಕಷ್ಟ."

ಮನೆಗೆ ಬಂದರೆ ಅತ್ತೆ ಝೈನಬ್ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಮಾಮಿ, ನನ್ನ ಕ್ರೀಮಿನ ಹೆಸರೇನು ಹೇಳಿ?"

"ಎಂತದೋ ಹರಿ... ನಂಗೆ ಗೊತ್ತಿಲ್ಲ ಮಾರಾಯ್ತಿ. ಆ ಅಂಗಳದ್ದು ಸ್ವಲ್ಪ ಕೊಡು, ಹಿಮ್ಮಡಿ ಉರೀತದೆ."

ಅಂಗಳದ್ದು! ಪೇಟೆಯಿಂದ ತಂದದ್ದು ಪೇಟೆಯದ್ದು, ಅಂಗಳದಲ್ಲಿ ಬೀಜ ಒಣಗಿಸಿ ಮಾಡಿದ್ದು ಅಂಗಳದ್ದು. ಮನೆಯವರೂ ನೆರೆಯವರೂ ಹಾಗೆಯೇ ಕೇಳುತ್ತಿದ್ದರು. ಅವಳಿಗೇ ಅದು ಹೆಸರೆಂದು ತೋಚಿರಲಿಲ್ಲ. ಅಂಗೈಯಲ್ಲಿ ಊರಿಕೊಂಡು, ಎಷ್ಟು ತೊಳೆದರೂ ಹೋಗದ ಪುನರ್ಪುಳಿ ಹಣ್ಣಿನ ಕಡುಗೆಂಪು ಕಲೆ ಕಣ್ಣಿಗೆ ಬಿತ್ತು. ಕೂಡಲೇ ಅದರ ಫೋಟೊ ತೆಗೆದು, ಕೆಳಗೆ 'ಅಂಗಳ' ಎಂದು ಬರೆದು ಉಜ್ವಲ್‌ಗೆ ಕಳಿಸಿದಳು.

ಆತ 'ಅಂಗಳ' ಎಂಬ ಹೆಸರು ಬೇರೆ ಯಾರಾದರೂ ಸೌಂದರ್ಯ ಸಾಮಗ್ರಿಗೆ ಇಟ್ಟಿದ್ದಾರೋ ಎಂದು ಮೊದಲು ಹುಡುಕಿದ. ಯಾರೂ ಇಟ್ಟಿರಲಿಲ್ಲ. ಆಮೇಲೆ ಬಣ್ಣ. ಮೊಬೈಲಿನಲ್ಲಿ ಹೊಳೆಯುತ್ತಿದ್ದ ಕೆಂಪು ಕಾಗದದ ಮೇಲೆ ಮಂಕಾಗಿ ಬಂತು. ತಿದ್ದಿ ಮತ್ತೆ ಪ್ರಿಂಟ್ ತೆಗೆದ. ಕೆಂಪಿನ ಮೇಲೆ ದಪ್ಪ ಬಿಳಿ ಅಕ್ಷರ, ಬೇರೇನೂ ಇಲ್ಲ.

ಡಬ್ಬಿ ಮತ್ತೆ ಅದೇ ಶೆಲ್ಫಿಗೆ ಹೋಯಿತು. ಈ ಸಲ ಮುರ್ಶಿದಾ ಅತ್ತೆಗೆ ಏನೂ ಹೇಳದೆ ಅವರನ್ನು ಅಂಗಡಿಗೆ ಕರೆತಂದಳು. ಝೈನಬರಿಗೆ ಕನ್ನಡ ಓದಲು ಬಾರದು, ಕನ್ನಡಕವೂ ಮನೆಯಲ್ಲೇ ಉಳಿದಿತ್ತು.

ಮುದುಕಿ ಹೊಸ್ತಿಲಲ್ಲೇ ನಿಂತು, ಹಸಿರಿನ ನಡುವಿನ ಆ ಹಣ್ಣಿನ ಕೆಂಪಿನತ್ತ ಬೆರಳು ತೋರಿದರು.

"ಮೊಯಿದಿನಬ್ಬ, ನಮ್ಮ ಅಂಗಳದ್ದು ಇಲ್ಲಿಗೆ ಯಾರು ತಂದದ್ದು?"

ಮೊಯಿದಿನಬ್ಬ ಮುರ್ಶಿದಾಳ ಮುಖ ನೋಡಿದರು. ಆಮೇಲೆ ಗಲ್ಲಾದ ಪಕ್ಕದ ಹಸಿರು ಸಾಬೂನುಗಳನ್ನು ಸರಿಸಿ ಜಾಗ ಮಾಡತೊಡಗಿದರು.