ನಾಲ್ಕು ಇಂಚಿನ ನೆಲ

ನಮ್ಮದು ಗಾಲಿಕುರ್ಚಿ ಮಾಡುವ ಸಣ್ಣ ಕಾರ್ಖಾನೆ. ಅಕ್ಕನ ಕಾಲುಗಳು ಸ್ವಾಧೀನ ತಪ್ಪಿದಾಗ ಅಪ್ಪ ಮೊದಲ ಕುರ್ಚಿಯನ್ನು ಅವಳಿಗೇ ಮಾಡಿಕೊಟ್ಟಿದ್ದರು. ಈ ವರ್ಷ ದೊಡ್ಡ ಆರ್ಡರ್ ಸಿಗದಿದ್ದರೆ ಬಾಗಿಲು ಮುಚ್ಚುವುದೇ ಗತಿ. ಅದಕ್ಕೇ ವ್ಯಾಪಾರ ಮೇಳದ ಸ್ಟಾಲನ್ನು ನಾನೇ ಕೈಗೆತ್ತಿಕೊಂಡೆ.

ಎರಡು ಕಡೆ ತೆರೆದ ಮೂಲೆ ಜಾಗ ಹಿಡಿದೆ. ದಾರಿಗೆ ಅಡ್ಡವಾಗದಂತೆ ಮೇಜನ್ನು ಹಿಂದಕ್ಕೆ ಹಾಕಿಸಿದೆ. ವೈರುಗಳು ಕಾಣದಿರಲೆಂದು ನೆಲವನ್ನು ಹಲಗೆ ಹಾಸಿ ನಾಲ್ಕು ಇಂಚು ಎತ್ತರಿಸಿದೆ. ಹಂಚಲು ಹೆಸರು ಅಚ್ಚಾದ ಚೀಲಗಳು, ಎರಡು ಗಂಟೆಗೊಮ್ಮೆ ಬದಲಾಗುವ ಪಾಳಿ. ಪ್ರತಿ ವರ್ಷವೂ ಸ್ಟಾಲಿನಲ್ಲಿರುತ್ತಿದ್ದ ಅಕ್ಕನ ಹೆಸರು ಮಾತ್ರ ಆ ಪಾಳಿಯಲ್ಲಿ ಇರಲಿಲ್ಲ.

"ನಾನೆಲ್ಲೋ ಇರೋದು?" ಸ್ಟಾಲಿನ ನಕ್ಷೆ ನೋಡಿ ಅಕ್ಕ ಕೇಳಿದಳು.

"ಈ ಸಲ ಆರಾಮಾಗಿರು ಅಕ್ಕ. ಸುಸ್ತಾಗುತ್ತೆ."

ಸುಸ್ತೆಂಬುದು ನೆಪ. ಅವಳು ಬಂದವರ ಜೊತೆ ಗಂಟೆಗಟ್ಟಲೆ ಹರಟೆಗೆ ಕೂರುತ್ತಾಳೆ, ಅದು ನನಗೆ ಬೇಡವಾಗಿತ್ತು. ಅವಳು ನಕ್ಷೆಯನ್ನು ಮಡಚಿ ವಾಪಸ್ ಕೊಟ್ಟಳು.

ಮೊದಲ ದಿನ ಮಧ್ಯಾಹ್ನದೊಳಗೆ ಚೀಲಗಳೆಲ್ಲ ಖಾಲಿ. ಇನ್ನೂರಕ್ಕೂ ಹೆಚ್ಚು ಜನರ ಬ್ಯಾಡ್ಜು ಸ್ಕ್ಯಾನ್ ಆಗಿ, ಹೆಸರು, ಫೋನ್ ನಂಬರು ಪಟ್ಟಿಗೆ ಸೇರಿದ್ದವು. ಸಂಜೆ ಮನೆಗೆ ಬಂದು ಬೀಗುತ್ತಾ ಪಟ್ಟಿಯನ್ನು ಅಕ್ಕನ ಮುಂದಿಟ್ಟೆ. ಯಾರು ಏನು ಕೇಳಿದರು ಎಂಬ ಅಂಕಣ ಹೆಚ್ಚುಕಡಿಮೆ ಬರಿದಾಗಿತ್ತು. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಪುನರ್ವಸತಿ ಕೇಂದ್ರವೊಂದರ ಖರೀದಿ ಅಧಿಕಾರಿ. ಪಕ್ಕದಲ್ಲಿ ನಮ್ಮ ಮಾರಾಟದವನು ಬರೆದಿದ್ದ: 'ಆಸಕ್ತಿ ಇಲ್ಲ, ಒಳಗೆ ಬರಲಿಲ್ಲ.'

"ಈಯಮ್ಮ ನನ್ನ ಹಾಗೇ ಕುರ್ಚಿ ಮೇಲಿರೋರು ಕಣೋ. ಹೋದ ವರ್ಷ ಒಂದು ಗಂಟೆ ಮಾತಾಡಿದ್ವಿ. ನಿನ್ನ ನೆಲ ಹೇಗೆ ಹತ್ತಬೇಕಿತ್ತು?"

ಗಾಲಿಕುರ್ಚಿ ಮಾರುವವನು ಗಾಲಿಕುರ್ಚಿ ಹತ್ತಲಾಗದ ಸ್ಟಾಲು ಕಟ್ಟಿದ್ದೆ. ಅಕ್ಕ ಸ್ಟಾಲಿಗೆ ಬಂದಿದ್ದರೆ ಬೆಳಗ್ಗೆಯೇ ಗೊತ್ತಾಗುತ್ತಿತ್ತು. ಕೂಡಲೇ ಆ ಅಧಿಕಾರಿಗೆ ಫೋನ್ ಮಾಡಿ ನೆಲದ ತಪ್ಪು ಒಪ್ಪಿಕೊಂಡೆ, ನಾಳೆ ಸರಿಮಾಡಿರುತ್ತೇನೆ, ಬನ್ನಿ ಎಂದೆ. "ನೋಡೋಣ" ಎಂದಷ್ಟೇ ಹೇಳಿ ಇಟ್ಟರು.

ಮರುದಿನ ಹಾಲ್ ತೆರೆಯುವ ಮುಂಚೆ ಬಡಗಿಯನ್ನು ಕರೆಸಿದೆ. ಓಡಾಡುವ ದಾರಿಗೆ ಏನೂ ಚಾಚುವಂತಿಲ್ಲ. ಹಾಗಾಗಿ ನಮ್ಮ ಜಾಗದೊಳಗೇ ನೆಲ ಕೊಯ್ಯಿಸಿ, ನಾಲ್ಕು ಅಡಿ ಉದ್ದದ ಇಳಿಜಾರು ಮಾಡಿಸಿದೆ. ಎರಡು ಪ್ರದರ್ಶನದ ಕುರ್ಚಿಗಳನ್ನು ಹೊರಗೆ ಕಳಿಸಬೇಕಾಯಿತು. ಮೊದಲು ಅಕ್ಕ ಹತ್ತಿದಳು.

ಮಧ್ಯಾಹ್ನ ಆ ಅಧಿಕಾರಿ ಬಂದರು. ಇಳಿಜಾರನ್ನು ನೋಡಿದರು, ಹತ್ತಿದರು. ನಮ್ಮ ಕುರ್ಚಿಯೊಂದಕ್ಕೆ ಬದಲಾಯಿಸಿಕೊಂಡು, ಬ್ರೇಕು ಹಾಕಿ ತೆಗೆದು ನೋಡಿದರು.

"ಮೊದಲು ಇಪ್ಪತ್ತು ಕಳಿಸಿ, ಮೂರು ತಿಂಗಳು ಓಡಿಸಿ ನೋಡ್ತೀವಿ. ಚೆನ್ನಾಗಿದ್ರೆ ಎಲ್ಲಾ ಶಾಖೆಗೂ ನಿಮ್ಮದೇ." ಆಮೇಲೆ ಅಕ್ಕನ ಕಡೆ ತಿರುಗಿದರು. "ನಿನ್ನೆ ನಿಮ್ಮನ್ನೇ ಹುಡುಕ್ತಿದ್ದೆ. ಯಾಕೆ ಬರ್ಲಿಲ್ಲ?"



"ತಮ್ಮ ಕರೆದಿದ್ದ" ಎಂದಳು ಅಕ್ಕ. "ನನಗೇ ಮೈ ಸರಿ ಇರ್ಲಿಲ್ಲ."