ಸ್ಪೀಡಕ್ಕನ ನಿಧಾನ

ಬ್ಯಾಂಕಿನವರು ಹೊಸ ಶಾಖೆಗೆ ಕಾಲಿಡುವ ಮೊದಲೇ ಅವರ ಸುದ್ದಿ ಅಲ್ಲಿಗೆ ಹೋಗಿ ಕುರ್ಚಿ ಹಿಡಿದು ಕೂತಿರುತ್ತದೆ. ಫೋನುಗಳು ಇರುವುದು ಮತ್ಯಾತಕ್ಕೆ? "ಯಾರ್ರೀ ಬರ್ತಿರೋದು?" "ಸ್ಪೀಡಕ್ಕ ಕಣ್ರೀ! ಕಣ್ಮುಚ್ಕೊಂಡು ಕೌಂಟರಿಗೆ ಹಾಕ್ಕೊಳ್ಳಿ." ಮುಗಿಯಿತು. ಹನ್ನೊಂದು ವರ್ಷ, ನಾಲ್ಕು ಊರು, ನಾಲ್ಕು ಬಾಡಿಗೆ ಮನೆ. ಆದರೆ ಸ್ಪೀಡಕ್ಕ ಕೂರುವ ಜಾಗ ಮಾತ್ರ ಅದೇ ಕೌಂಟರು.

ಸುಳ್ಳು ಯಾಕೆ ಹೇಳಬೇಕು, ಆಕೆಗೆ ಅದು ಇಷ್ಟವೇ ಆಗಿತ್ತು. ಖಾತೆ ತೆರೆಯುವುದು, ವಿಳಾಸ ಬದಲಾಯಿಸುವುದು, ಸಹಿ ಹೊಂದದೆ ಕಂಗಾಲಾದವರನ್ನು ಸಮಾಧಾನ ಮಾಡುವುದು ಎಲ್ಲವೂ ಆಕೆಗೆ ನೀರು ಕುಡಿದಷ್ಟು ಸಲೀಸು. "ನೀವಿಲ್ದಿದ್ರೆ ಈ ಬ್ಯಾಂಕೇ ಇಲ್ಲಮ್ಮ" ಎಂದು ಯಾರಾದರೂ ಅಂದರೆ ಆ ದಿನವೆಲ್ಲ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಹೋದ ವರ್ಷ ಬಡ್ತಿಯ ಸಂದರ್ಶನದಲ್ಲಿ, "ಸಾಲದ ವಿಭಾಗದಲ್ಲಿ ಎಷ್ಟು ಕೆಲಸ ಮಾಡಿದ್ದೀರಿ?" ಎಂದು ಕೇಳಿದಾಗ ಮಾಡಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು, ಬಡ್ತಿ ಕೈತಪ್ಪಿತು. ಪುಸ್ತಕ ಓದಿ ಪರೀಕ್ಷೆಯನ್ನೇನೋ ಪಾಸು ಮಾಡಿದ್ದಳು. ಕೈಯಾರೆ ಒಂದು ಸಾಲವನ್ನೂ ತೂಗಿ ನೋಡಿರಲಿಲ್ಲ.

ಐದನೇ ಊರಿನ ಮನೆಯಲ್ಲಿ ಗಂಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದ. ಮಗಳು ಹೊಸ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುತ್ತಾ ಇದ್ದಕ್ಕಿದ್ದಂತೆ ಕೇಳಿದಳು: "ಅಮ್ಮ, ಊರು ಬದಲಾದಾಗೆಲ್ಲ ನಾನು ಮುಂದಿನ ಕ್ಲಾಸಿಗೆ ಹೋಗ್ತೀನಿ. ನೀನ್ಯಾಕೆ ಎಲ್ಲಾ ಊರಲ್ಲೂ ಅದೇ ಕ್ಲಾಸಲ್ಲಿ ಕೂರ್ತೀಯ? ಫೇಲಾಗಿದ್ದೀಯಾ?"

ಗಂಡ ಹೋ ಎಂದು ನಕ್ಕ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿ, ಬಂದು ಪಕ್ಕದಲ್ಲಿ ಕೂತ. "ಈ ಸಲ ಕೇಳಿ ನೋಡು. ಕೊಡದಿದ್ರೆ ಕೊಡಲ್ಲ, ಅಷ್ಟೇ ತಾನೆ?" ಎಂದ. ಕೇಳುವುದು ಅಷ್ಟು ಸುಲಭವಾಗಿದ್ದರೆ ಯಾವತ್ತೋ ಕೇಳುತ್ತಿದ್ದಳು.

ಮರುದಿನ ಮ್ಯಾನೇಜರು ಆಕೆಯನ್ನು ನೋಡಿದ್ದೇ ಮುಖ ಅರಳಿಸಿದರು. "ಬನ್ನಿ ಬನ್ನಿ! ನಿಮ್ಮ ವಿಷ್ಯ ಎಲ್ಲಾ ಕೇಳಿದ್ದೀನಿ. ಕೌಂಟರ್ ನಿಮ್ದೇ."

"ಸಾರ್, ನಂಗೆ ಸಾಲದ ಸೀಟು ಬೇಕಿತ್ತು."

"ಆ ಕೆಲ್ಸ ಬರುತ್ತಾ?"

"ಬರಲ್ಲ ಸಾರ್. ಅದಕ್ಕೇ ಕೇಳ್ತಿರೋದು. ಮೂರು ವರ್ಷಕ್ಕೆ ಮತ್ತೆ ವರ್ಗ ಮಾಡ್ತಾರೆ. ಈ ಸಲ ಕಲೀದಿದ್ರೆ ನಾನಿನ್ನು ಕಲಿಯೋದೇ ಇಲ್ಲ."

ಮ್ಯಾನೇಜರು ಕೆಟ್ಟವರಲ್ಲ, ಪಾಪ. ಕೆನ್ನೆ ಕೆರೆದುಕೊಂಡು ಒಪ್ಪಿದರು. ಸಾಲದ ಮೇಜಿನಲ್ಲಿದ್ದ ಹಿರಿಯ ಅಧಿಕಾರಿಯ ಪಕ್ಕ ಆಕೆ ಕೂರಬೇಕು. ಆ ಹಿರಿಯರನ್ನು ಶಾಖೆಯಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕೌಂಟರಿಗೆ ಮಿಲಿಟರಿಯಣ್ಣ. ಸೈನ್ಯದಿಂದ ನಿವೃತ್ತನಾಗಿ ಹೊಸದಾಗಿ ಗುಮಾಸ್ತನಾಗಿ ಸೇರಿದ್ದ ಆತ, ಬಂದೂಕು ಹಿಡಿದಿದ್ದ ಕೈಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ. "ಆದ್ರೆ ಜನ ಬಾಗಿಲಾಚೆ ನಿಲ್ಲೋ ಹಾಗಾದ್ರೆ ನಾನೇನೂ ಮಾಡೋಕಾಗಲ್ಲ, ಮೇಡಂ" ಎಂದರು ಮ್ಯಾನೇಜರು.

ಮೊದಲ ಅರ್ಜಿ ಒಂದು ಬಟ್ಟೆ ಅಂಗಡಿಯದು. ಅಂಗಡಿಯಲ್ಲಿರುವ ಸರಕಿನ ಆಧಾರದ ಮೇಲೆ ಸಾಲ ಕೊಡಬೇಕಿತ್ತು. ಸ್ಪೀಡಕ್ಕ ಊಟದ ಹೊತ್ತಿಗೆ ಮುಗಿಸಿ, ಹೆಮ್ಮೆಯಿಂದ ಮೇಷ್ಟ್ರ ಮುಂದಿಟ್ಟಳು.

"ಅಂಗಡಿಗೆ ಹೋಗಿದ್ರಾ?"

"ಇಲ್ಲ ಸಾರ್, ಕಾಗದ ಎಲ್ಲಾ ಸರಿಯಾಗಿದೆಯಲ್ಲ."

"ಈ ಬಟ್ಟೇಲಿ ಎಷ್ಟಕ್ಕೆ ಅವರು ದುಡ್ಡು ಕೊಟ್ಟಿದ್ದಾರೆ, ಎಷ್ಟು ಉದ್ರಿ ತಂದಿದ್ದಾರೆ?"

ಆಕೆ ನಾಲಿಗೆ ಕಚ್ಚಿಕೊಂಡಳು. ಪರೀಕ್ಷೆಗೆ ಉರು ಹೊಡೆದದ್ದೇ ಅದು! ಉದ್ರಿ ತಂದ ಸರಕನ್ನು ಕಳೆದೇ ಲೆಕ್ಕ ಹಾಕಬೇಕು. "ಉದ್ರಿ ಬಟ್ಟೆಗೆ ಮತ್ತೆ ನಾವೂ ಸಾಲ ಕೊಟ್ರೆ, ಒಂದೇ ಸೀರೆಗೆ ಉದ್ರಿ ಕೊಟ್ಟವರೂ ನಾವೂ ಇಬ್ಬರು ಯಜಮಾನ್ರು ಆಗ್ತೀವಿ" ಎಂದು ಮೇಷ್ಟ್ರು ನಕ್ಕರು. ಬೈಯಲಿಲ್ಲ. "ಕೌಂಟರಲ್ಲಿ ಜನರನ್ನ ಬೇಗ ಕಳಿಸಿದಷ್ಟೂ ಒಳ್ಳೇದು. ಇಲ್ಲಿ ಅವರನ್ನ ಕೂರಿಸ್ಕೋಬೇಕು. ಮಾತಾಡಿಸ್ಬೇಕು. ಹೋಗಿ ಮಾರಾಟವಾಗದೆ ಧೂಳು ಹಿಡಿದಿರೋ ಕಟ್ಟು ಯಾವುದು ಅಂತ ಮುಟ್ಟಿ ನೋಡ್ಬೇಕು."

ಕಲಿಯಬಹುದಿತ್ತು, ಕೌಂಟರು ಬಿಟ್ಟಿದ್ದರೆ! ಅತ್ತ ನಾಲ್ಕು ಜನ ಜಾಸ್ತಿಯಾದರೆ ಸಾಕು, ಇತ್ತ ಈಕೆಯ ಕಾಲು ಸುಮ್ಮನಿರುತ್ತಿರಲಿಲ್ಲ. "ಬಿಡಿ ಅಣ್ಣ, ನಾನ್ಮಾಡ್ತೀನಿ" ಎಂದು ಪಕ್ಕದ ಕಂಪ್ಯೂಟರಿನಲ್ಲಿ ಕೂತು ಚಕಚಕನೆ ಎಲ್ಲರನ್ನೂ ಕಳಿಸಿಬಿಡುವಳು. ಜನ ಹರಸಿ ಹೋಗುವರು. ಮಿಲಿಟರಿಯಣ್ಣ ಕೈಕಟ್ಟಿ ನೋಡುವನು. ಸಾಲದ ಕಡತಗಳು ಬಿದ್ದಲ್ಲೇ ಬಿದ್ದಿರುವವು. ಹೀಗೇ ಎರಡು ತಿಂಗಳಾಯಿತು. ಕೊನೆಗೆ ಮ್ಯಾನೇಜರು ಕರೆದರು. "ಸೋಮವಾರದಿಂದ ನೀವೇ ಕೌಂಟರಲ್ಲಿ ಕೂತ್ಬಿಡಿ ಮೇಡಂ. ಸ್ವಲ್ಪ ದಿನದ ಮಟ್ಟಿಗೆ."

ಸ್ವಲ್ಪ ದಿನ! ಆ ಸ್ವಲ್ಪ ದಿನ ಮುಗಿಯುವುದು ಮುಂದಿನ ವರ್ಗಾವಣೆಗೆ ಎಂದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಲದ ಮೇಜಿಗೆ ಬಂದು ಕೂತು ಮೇಷ್ಟ್ರಿಗೆ ವಿಷಯ ಹೇಳಿದಳು. ಮೇಷ್ಟ್ರು ನೀರಿನ ಬಾಟಲಿ ಮುಂದೆ ತಳ್ಳಿ, ಮೆಲ್ಲಗೆ ಕೇಳಿದರು: "ನೀವು ಆ ಕೌಂಟರ್ ಕೆಲ್ಸನ ಯಾವತ್ತಾದ್ರೂ ಯಾರಿಗಾದ್ರೂ ಕಲಿಸಿದ್ದೀರಾ?"

ಆಕೆ ಎಷ್ಟು ಯೋಚಿಸಿದರೂ ಒಂದು ಮುಖವೂ ನೆನಪಾಗಲಿಲ್ಲ. ಮಾಡಿಕೊಟ್ಟಿದ್ದಳು, ಕಲಿಸಿರಲಿಲ್ಲ. ತಾನಿಲ್ಲದಿದ್ದರೆ ನಡೆಯುವುದಿಲ್ಲ ಎಂಬ ಮಾತು ಅಷ್ಟು ಸಿಹಿಯಾಗಿತ್ತು. ಆ ಸಿಹಿಯೇ ತನ್ನನ್ನು ಕಟ್ಟಿಹಾಕಿದೆ ಎಂದು ಹೊಳೆದಾಗ ಆಕೆಗೆ ತನ್ನ ಮೇಲೇ ಕೋಪ ಬಂತು. ಎದ್ದು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. "ಸಾರ್, ಒಂದು ವಾರ ಕೊಡಿ. ನಾನು ಕೌಂಟರಲ್ಲಿ ನಿಂತ್ಕೊಂಡು ಅಣ್ಣಂಗೆ ಕಲಿಸ್ತೀನಿ, ಕೂರಲ್ಲ. ವಾರದ ಕೊನೇಲೂ ನಾನೇ ಬೇಕು ಅನ್ನಿಸಿದ್ರೆ ನೀವು ಹೇಳಿದ ಹಾಗೆ."

ಅಬ್ಬಾ, ಆ ವಾರ! ಮಿಲಿಟರಿಯಣ್ಣನ ಬೆನ್ನ ಹಿಂದೆ ಕೈಕಟ್ಟಿ ನಿಂತವಳಿಗೆ ಬೆರಳುಗಳೆಲ್ಲ ತುರಿಸುತ್ತಿದ್ದವು. ಆತ ತಪ್ಪು ಕಡೆ ಒತ್ತುವನು, ಅಳಿಸುವನು, ಬೆವರುವನು. ಸಾಲಿನಲ್ಲಿದ್ದವರು, "ಏನಮ್ಮಾ, ನಿಂತು ತಮಾಷೆ ನೋಡ್ತಿದ್ದೀರಾ?" ಎಂದು ರೇಗುವರು. "ಅಣ್ಣ ಮಾಡ್ತಾರೆ, ಒಂದ್ನಿಮಿಷ" ಎನ್ನುವಳು. ಆತ ಒಮ್ಮೆ ಸೋತು, "ನೀವೇ ಕೂತ್ಕೊಳ್ಳಿ ಮೇಡಂ, ನನ್ನ ಕೈಲಾಗಲ್ಲ" ಎಂದು ಎದ್ದೇಬಿಟ್ಟ. ಆಕೆ ಭುಜ ಹಿಡಿದು ಕೂರಿಸಿದಳು. "ನಾನೂ ಸಾಲದ ಮೇಜಲ್ಲಿ ದಿನಾ ತಪ್ಪು ಮಾಡ್ತೀನಣ್ಣ. ಇಬ್ಬರೂ ಒಟ್ಟಿಗೇ ಮಾಡೋಣ."

ಶುಕ್ರವಾರ, ಪಿಂಚಣಿಯ ಅಜ್ಜಿಯೊಬ್ಬರು ಬಂದರು. ಮೊದಲ ದಿನದಿಂದಲೂ ಸ್ಪೀಡಕ್ಕನೇ ಬೇಕು ಎನ್ನುತ್ತಿದ್ದ ಅಜ್ಜಿ. ಈ ಸಲ ಆಕೆಯತ್ತ ತಿರುಗಿಯೂ ನೋಡದೆ, "ಏನಪ್ಪಾ ಮಿಲಿಟರಿ, ಚೆನ್ನಾಗಿದ್ದೀಯಾ?" ಎಂದು ನೇರ ಆತನ ಮುಂದೆ ಕೂತರು. ಆತ ತಡವರಿಸದೆ ಕೆಲಸ ಮುಗಿಸಿದ. ಅಜ್ಜಿ ಎದ್ದು ಹೋದರು. ಸ್ಪೀಡಕ್ಕನಿಗೆ ಸಂತೋಷವೂ ಆಯಿತು, ಅಳುವೂ ಬಂತು, ಎರಡೂ ನಿಜ. ಗಾಜಿನ ಕೋಣೆಯಿಂದ ನೋಡುತ್ತಿದ್ದ ಮ್ಯಾನೇಜರು ಸಾಲದ ಮೇಜಿನ ಕಡೆ ಕೈ ತೋರಿಸಿ, ಹೋಗಿ ಎಂಬಂತೆ ತಲೆಯಾಡಿಸಿದರು.

ಅಲ್ಲಿ ಮೇಷ್ಟ್ರು ಚೀಲ ಹೆಗಲಿಗೇರಿಸಿ ಸಾಲ ಕೇಳಿದವರ ಅಂಗಡಿ ನೋಡಿಬರಲು ಹೊರಟು ನಿಂತಿದ್ದರು. ಆಕೆಯನ್ನು ಕಂಡು ಚೀಲ ತೆಗೆದು ಆಕೆಯ ಕೈಗೇ ಕೊಟ್ಟು, ಮತ್ತೆ ಕೂತುಬಿಟ್ಟರು. "ಬೇಕರಿ. ಒಬ್ರೇ ಹೋಗ್ಬನ್ನಿ. ಗೊತ್ತಾಗದಿದ್ರೆ ಅವರನ್ನೇ ಕೇಳಿ."

ಬೇಕರಿಯ ಹಿಂಭಾಗ ಬಿಸಿ ಒಲೆಯ ಝಳದಿಂದ ಕಾದಿತ್ತು. ಯಜಮಾನತಿ ಹಿಟ್ಟಿನ ಕೈ ಒರೆಸಿಕೊಂಡು, ಗಾಬರಿಯಿಂದಲೇ ಕುರ್ಚಿ ಎಳೆದು ಹಾಕಿದಳು. ಸಾಲ ಕೇಳುವುದು ಅವಳಿಗೂ ಮೊದಲ ಸಲವಂತೆ. "ಮೇಡಂ, ನೀವು ಈ ಕೆಲ್ಸದಲ್ಲಿ ಬಹಳ ವರ್ಷದಿಂದ ಇದ್ದೀರಾ?"

ಹನ್ನೊಂದು ವರ್ಷ ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲಮ್ಮ, ನಾನೂ ಹೊಸಬಳು" ಎಂದಳು ಸ್ಪೀಡಕ್ಕ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು. "ಸ್ವಲ್ಪ ನಿಧಾನ ಆಗುತ್ತೆ. ಬೆಳಿಗ್ಗೆ ಹಿಟ್ಟು ಬರೋದರಿಂದ ಶುರು ಮಾಡಿ, ಒಂದೊಂದೇ ಹೇಳಿ."